ಮಾಡಬೇಕು, ಬರಬೇಕು, ಇರಲಿ: ಮೇಲ್‌ಗಳ ನಡುವೆ ಕೆಲಸ ಕಳೆದುಹೋಗದಂತೆ ಗುರುತು ಹಾಕುವುದು ಹೇಗೆ?

ಒಮ್ಮೆ ನನ್ನ ಲ್ಯಾಪ್‌ಟಾಪ್ ಕೆಟ್ಟಿತು. ವಾರಂಟಿ ಇನ್ನೂ ಇತ್ತು. ಕಂಪನಿಗೆ ಮೇಲ್ ಬರೆದೆ. ಮೂರನೇ ದಿನ ಉತ್ತರ ಬಂತು: ಸೀರಿಯಲ್ ನಂಬರ್ ಕಾಣುವ ಹಾಗೆ ಒಂದು ಫೋಟೋ ತೆಗೆದು 30 ದಿನದೊಳಗೆ ಕಳಿಸಿ. ಆ ಮೇಲನ್ನು ನಾನು ಫೋನಿನಲ್ಲಿ ಓದಿದ್ದೆ, ಎಲ್ಲೋ ಸಾಲಿನಲ್ಲಿ ನಿಂತಿದ್ದಾಗ. ಮನೆಗೆ ಹೋಗಿ ಕಳಿಸೋಣ ಅಂದುಕೊಂಡೆ. ಓದಿದ ತಕ್ಷಣ ಮೇಲಿನ ದಪ್ಪ ಅಕ್ಷರ ತೆಳುವಾಯಿತು. ಮರುದಿನ ಅದರ ಮೇಲೆ ಬೇರೆ ಮೇಲ್‌ಗಳು ಬಂದು ಕೂತವು. ಮತ್ತೆ ಅದು ಕಣ್ಣಿಗೆ ಬಿದ್ದದ್ದು ಆರು ವಾರದ ನಂತರ. ಅಷ್ಟರಲ್ಲಿ ಗಡುವು ಮುಗಿದಿತ್ತು. ರಿಪೇರಿ ಖರ್ಚು ನನ್ನ ಮೇಲೆಯೇ ಬಿತ್ತು.

ಆ ಮೇಲ್ ಕಳೆದುಹೋಗಿರಲಿಲ್ಲ. ಇನ್‌ಬಾಕ್ಸ್‌ನಲ್ಲೇ ಇತ್ತು. ಆದರೆ ಅದರೊಳಗೆ ನನಗೊಂದು ಕೆಲಸ ಬಾಕಿ ಇದೆ ಎಂದು ಹೊರಗಿನಿಂದ ಹೇಳುವ ಗುರುತು ಒಂದೂ ಇರಲಿಲ್ಲ. ಓದಿ ಮುಗಿದ ನೂರಾರು ಮೇಲ್‌ಗಳಿಗೂ ಅದಕ್ಕೂ ನೋಡುವುದಕ್ಕೆ ಯಾವ ವ್ಯತ್ಯಾಸವೂ ಇರಲಿಲ್ಲ.

ಮೇಲ್‌ಗೆ ಗೊತ್ತಿರುವುದು, ಗೊತ್ತಿಲ್ಲದ್ದು

ಇದಕ್ಕೆ ಕಾರಣ ಮೇಲ್ ವ್ಯವಸ್ಥೆಯ ಒಳಗೇ ಇದೆ. ಸರ್ವರ್‌ನಲ್ಲಿರುವ ಮೇಲ್‌ಗಳನ್ನು ಫೋನು, ಕಂಪ್ಯೂಟರ್ ಎರಡರಲ್ಲೂ ಒಂದೇ ರೀತಿ ತೋರಿಸಲು ಐಮ್ಯಾಪ್ ಎಂಬ ನಿಯಮಾವಳಿ ಇದೆ. ಪ್ರತಿ ಮೇಲ್‌ಗೂ ಅಂಟಿಸಬಹುದಾದ ಕೆಲವು ಗುರುತುಗಳನ್ನು ಅದೇ ಹೇಳಿಕೊಟ್ಟಿದೆ. `\Seen` ಎಂದರೆ ತೆರೆದು ನೋಡಲಾಗಿದೆ. `\Answered` ಎಂದರೆ ಉತ್ತರ ಕೊಡಲಾಗಿದೆ. `\Flagged` ಎಂದರೆ ಯಾವುದೋ ಕಾರಣಕ್ಕೆ ಗಮನ ಬೇಕು. ಇನ್ನೆರಡು ಗುರುತುಗಳು ಅಳಿಸಿದ ಮೇಲ್‌ಗೆ ಮತ್ತು ಅರ್ಧ ಬರೆದಿಟ್ಟ ಮೇಲ್‌ಗೆ.

ಸ್ವಲ್ಪ ಯೋಚಿಸಿ ನೋಡಿ. ಈ ಗುರುತುಗಳು ಹೇಳುವುದೆಲ್ಲ ಮೇಲ್‌ಗೆ ಏನಾಯಿತು ಎಂಬುದನ್ನು. ತೆರೆದರು, ಉತ್ತರಿಸಿದರು, ಅಳಿಸಿದರು. ಮುಂದೆ ಏನಾಗಬೇಕು ಎಂಬುದನ್ನು ಹೇಳುವ ಗುರುತೇ ಇಲ್ಲ. ಇದ್ದದ್ದರಲ್ಲಿ ಹತ್ತಿರವಾದದ್ದು `\Flagged`. ಜಿಮೇಲ್‌ನ ನಕ್ಷತ್ರ, ಬೇರೆ ಆ್ಯಪ್‌ಗಳ ಕೆಂಪು ಬಾವುಟ ಎಲ್ಲ ಅದರ ರೂಪಗಳೇ. ಆದರೆ ಅದೂ 'ಇದನ್ನು ನೋಡು' ಅನ್ನುತ್ತದೆ ಅಷ್ಟೇ. ನಾನು ಏನಾದರೂ ಮಾಡಬೇಕೋ, ಇನ್ನೊಬ್ಬರು ಮಾಡುವುದನ್ನು ಕಾಯಬೇಕೋ, ಹೇಳುವುದಿಲ್ಲ. ನಕ್ಷತ್ರ ಹಾಕಿದ 80 ಮೇಲ್ ಇಟ್ಟುಕೊಂಡವರನ್ನು ಕೇಳಿ ನೋಡಿ. ಅದರಲ್ಲಿ ಎಷ್ಟಕ್ಕೆ ತಾವು ಉತ್ತರ ಕೊಡಬೇಕು ಎಂದು ಒಂದೊಂದನ್ನೇ ತೆರೆಯದೆ ಅವರಿಗೆ ಹೇಳಲು ಆಗುವುದಿಲ್ಲ.

1996ರಲ್ಲೇ ಸ್ಟೀವ್ ವಿಟ್ಟೇಕರ್ ಮತ್ತು ಕ್ಯಾಂಡೇಸ್ ಸಿಡ್ನರ್ ಎಂಬ ಸಂಶೋಧಕರು ಇದರ ಬಗ್ಗೆ ಬರೆದಿದ್ದರು. ಮೇಲ್ ಹುಟ್ಟಿದ್ದು ಸಂದೇಶ ಕಳಿಸುವುದಕ್ಕೆ. ಜನ ಮಾತ್ರ ಅದೇ ಜಾಗವನ್ನು ಕೆಲಸದ ಪಟ್ಟಿಯಾಗಿಯೂ, ಕಾಗದಪತ್ರದ ಬೀರುವಾಗಿಯೂ ಬಳಸುತ್ತಿದ್ದಾರೆ ಎಂದು ಅವರು ಕಂಡುಕೊಂಡರು. ಮೂರು ಬೇರೆ ಬೇರೆ ಉಪಯೋಗಕ್ಕೆ ಒಂದೇ ಉದ್ದನೆಯ ಪಟ್ಟಿ. ಇವತ್ತಿಗೂ ಹೆಚ್ಚಿನವರ ಇನ್‌ಬಾಕ್ಸ್ ಹೀಗೆಯೇ ಇದೆ.

ಹಾಗಾಗಿ ಮೇಲ್‌ಗೆ ಗೊತ್ತಿಲ್ಲದ ಆ ಒಂದು ವಿಷಯವನ್ನು ನಾವೇ ಬರೆದು ಅಂಟಿಸಬೇಕು. ಅದಕ್ಕೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈಗ ಯಾರ ಸರದಿ?

ಸರದಿ ನನ್ನದಾದರೆ 'ಮಾಡಬೇಕು'. ಸರದಿ ಎದುರಿನವರದಾಗಿದ್ದು, ಅವರಿಂದ ನನಗೆ ಏನೋ ಬೇಕಾಗಿದ್ದರೆ 'ಬರಬೇಕು'. ಆಟ ಮುಗಿದಿದೆ, ಆದರೆ ಕಾಗದ ಮುಂದೆ ಬೇಕಾಗಬಹುದು ಅನ್ನಿಸಿದರೆ 'ಇರಲಿ'. ಬೇಕಾಗದಿದ್ದರೆ ಅಳಿಸುವುದು, ಅಷ್ಟೇ. ನನ್ನ ಲೇಬಲ್‌ಗಳ ಹೆಸರೂ ಇವೇ. ಚಿಕ್ಕ ಹೆಸರಾದರೆ ಹುಡುಕುವಾಗ ಬೇಗ ಟೈಪ್ ಮಾಡಬಹುದು. ವಿಷಯಕ್ಕೊಂದು, ವ್ಯಕ್ತಿಗೊಂದು ಲೇಬಲ್ ಬೇಕೆನಿಸಿದರೆ ಬೇರೆಯಾಗಿ ಇಟ್ಟುಕೊಳ್ಳಿ. ಈ ಮೂರರ ಜೊತೆ ಬೆರೆಸಬೇಡಿ. 'ಬ್ಯಾಂಕ್' ಎಂಬ ಲೇಬಲ್ ಮೇಲ್ ಯಾವುದರ ಬಗ್ಗೆ ಎಂದು ಹೇಳುತ್ತದೆ. ಯಾರ ಸರದಿ ಎಂದು ಹೇಳುವುದಿಲ್ಲ.

'ಮಾಡಬೇಕು' ಮತ್ತು 'ಇರಲಿ'

ಮೊದಲು ಈ ಎರಡನ್ನು ಮುಗಿಸಿಬಿಡೋಣ. ಕಷ್ಟವಾದದ್ದು ಮೂರನೆಯದು.

'ಮಾಡಬೇಕು' ಗುರುತು ಹಾಕುವಾಗ ಜಾಸ್ತಿ ಜನ ಮಾಡುವ ತಪ್ಪು, ಏನು ಮಾಡಬೇಕು ಎಂಬುದನ್ನು ಬರೆದಿಡದೇ ಇರುವುದು. ಮೇಲ್‌ನ ವಿಷಯದ ಸಾಲಿನಲ್ಲಿ 'Re: ಸಭೆ' ಎಂದಿರುತ್ತದೆ. ಕೆಲಸ ಇರುವುದು ನಾಲ್ಕನೇ ಪ್ಯಾರಾದಲ್ಲಿ: ಹೋದ ತಿಂಗಳ ಲೆಕ್ಕ ಸರಿಪಡಿಸಿ ಕಳಿಸುವುದು. ಮೂರು ದಿನ ಬಿಟ್ಟು ಪಟ್ಟಿ ನೋಡಿದರೆ 'Re: ಸಭೆ' ಏನನ್ನೂ ಹೇಳುವುದಿಲ್ಲ. ಮತ್ತೆ ತೆರೆದು, ಪೂರ್ತಿ ಓದಿ, ನೆನಪು ಮಾಡಿಕೊಳ್ಳಬೇಕು. ಆ ಬೇಸರಕ್ಕೇ ಅದು ಇನ್ನಷ್ಟು ದಿನ ಹಾಗೇ ಉಳಿಯುತ್ತದೆ. ಜಿಮೇಲ್‌ನಲ್ಲಿ ಬಂದ ಮೇಲ್‌ನ ವಿಷಯದ ಸಾಲನ್ನು ತಿದ್ದಲು ಆಗುವುದಿಲ್ಲ. ಅದರ ಬದಲು `Add to Tasks` ಒತ್ತಿದರೆ ಮೇಲ್‌ಗೆ ಕೊಂಡಿ ಇರುವ ಒಂದು ಕೆಲಸ ಪಕ್ಕದ ಪಟ್ಟಿಯಲ್ಲಿ ಸೇರುತ್ತದೆ. ಅದರ ಹೆಸರನ್ನು 'ಲೆಕ್ಕದ 2ನೇ ಹಾಳೆ ತಿದ್ದಿ ಕಳಿಸು' ಎಂದು ಬದಲಿಸಿ. ಕೆಲಸ ಎರಡು ನಿಮಿಷದ್ದಾದರೆ ಲೇಬಲ್ ಬೇಡ. ಆಗಲೇ ಮಾಡಿಬಿಡುವುದು ಒಳ್ಳೆಯದು.

'ಇರಲಿ' ನೋಡುವುದಕ್ಕೆ ಸುಲಭ. ಆದರೆ ಕೆಲಸ ಬಚ್ಚಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಯಾಕೆಂದರೆ 'ಇರಲಿ' ಅಂದ ಮೇಲೆ ಅದನ್ನು ಮತ್ತೆ ಯಾರೂ ನೋಡುವುದಿಲ್ಲ. ಸಭೆಯ ನಡಾವಳಿ ಮೇಲ್‌ನಲ್ಲಿ ಬರುತ್ತದೆ. ಸುಮ್ನೆ ಮಾಹಿತಿಗೆ ಕಳಿಸಿದ್ದಾರೆ ಅನ್ನಿಸುತ್ತದೆ. ಅಟ್ಯಾಚ್‌ಮೆಂಟ್‌ನ ಮೂರನೇ ಪುಟದಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಕೆಲಸ, ಒಂದು ತಾರೀಖು ಇರುತ್ತದೆ. ಅದಕ್ಕೇ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಕೊನೆಯ ಸಾಲಿನ ತನಕ ಓದದ, ಅಟ್ಯಾಚ್‌ಮೆಂಟ್ ತೆರೆದು ನೋಡದ ಮೇಲ್‌ಗೆ 'ಇರಲಿ' ಹಾಕುವುದಿಲ್ಲ. ಫೋನಿನಲ್ಲಂತೂ ಹಾಕುವುದೇ ಇಲ್ಲ.

ಫಿಲ್ಟರ್ ಬಳಸುವವರೂ ಇಲ್ಲಿ ಎಚ್ಚರವಾಗಿರಬೇಕು. ಯಾವುದೋ ಸೇವೆಯಿಂದ ಪ್ರತಿ ತಿಂಗಳು ರಸೀದಿ ಬರುತ್ತದೆ ಅಂತಿಟ್ಟುಕೊಳ್ಳಿ. ಆ ವಿಳಾಸದಿಂದ ಬರುವುದೆಲ್ಲ ಇನ್‌ಬಾಕ್ಸ್‌ಗೆ ಬಾರದೆ ನೇರವಾಗಿ 'ಇರಲಿ'ಗೆ ಹೋಗಲಿ ಎಂದು ಫಿಲ್ಟರ್ ಹಾಕುತ್ತೀರಿ. ಒಂದು ತಿಂಗಳು ನಿಮ್ಮ ಕಾರ್ಡ್‌ನ ಅವಧಿ ಮುಗಿದು ಹಣ ಕಟ್ಟಾಗುವುದಿಲ್ಲ. 'ಪಾವತಿ ವಿಫಲವಾಗಿದೆ' ಎಂಬ ಮೇಲ್ ಕೂಡ ಅದೇ ವಿಳಾಸದಿಂದ ಬರುತ್ತದೆ, ಅದೇ ಫಿಲ್ಟರ್‌ಗೆ ಸಿಕ್ಕಿ ಒಳಗೆ ಹೋಗುತ್ತದೆ. ಸೇವೆ ನಿಂತಾಗಲೇ ಗೊತ್ತಾಗುವುದು. ಹಾಗಾಗಿ ಫಿಲ್ಟರ್‌ನಲ್ಲಿ ಕಳಿಸಿದವರ ವಿಳಾಸದ ಜೊತೆಗೆ ವಿಷಯದ ಸಾಲಿನಲ್ಲಿ ಬರುವ ಪದವನ್ನೂ ಸೇರಿಸಿ:

```
from:(billing@example.com) subject:(receipt)
```

ಆಗ ರಸೀದಿ ಮಾತ್ರ ಒಳಗೆ ಹೋಗುತ್ತದೆ. ಉಳಿದದ್ದು ಕಣ್ಣೆದುರಿಗೆ ಬರುತ್ತದೆ.

'ಬರಬೇಕು' ಯಾಕೆ ಬೇರೆ

ಈಗ ಮುಖ್ಯ ಮಾತಿಗೆ ಬರೋಣ. 'ಮಾಡಬೇಕು' ಎಂಬ ಮೇಲ್ ಕೊನೇಪಕ್ಷ ಇನ್‌ಬಾಕ್ಸ್‌ಗೆ ಬಂದಿರುತ್ತದೆ. ಒಮ್ಮೆಯಾದರೂ ಕಣ್ಣಿಗೆ ಬಿದ್ದಿರುತ್ತದೆ. 'ಬರಬೇಕು' ಹಾಗಲ್ಲ. ಅದು ಹುಟ್ಟುವುದು ನಾವು ಕಳಿಸಿದ ಮೇಲ್‌ನಿಂದ. ಕಳಿಸಿದ ಮೇಲ್ `Sent` ಫೋಲ್ಡರಿಗೆ ಹೋಗುತ್ತದೆ. ಆ ಫೋಲ್ಡರನ್ನು ದಿನಾ ತೆರೆದು ನೋಡುವವರು ಯಾರಿದ್ದಾರೆ? ಎದುರಿನವರು ಉತ್ತರ ಕೊಟ್ಟರೆ ಸರಿ. ಕೊಡದಿದ್ದರೆ ಏನೂ ಆಗುವುದಿಲ್ಲ. ಏನೂ ಆಗದೇ ಇದ್ದದ್ದನ್ನು ಯಾವ ಆ್ಯಪ್ ಗಂಟೆ ಬಾರಿಸಿ ಹೇಳಬೇಕು? ಜಿಮೇಲ್ ಕೆಲವೊಮ್ಮೆ ತಾನಾಗಿ ಹಳೆಯ ಮೇಲ್ ಮೇಲಕ್ಕೆ ತಂದು 'ಕಳಿಸಿ ಇಷ್ಟು ದಿನವಾಯಿತು, ಮತ್ತೆ ಕೇಳುತ್ತೀರಾ' ಅನ್ನುತ್ತದೆ. ಅದು ಊಹೆ ಮಾಡಿ ಹೇಳುವುದು. ಯಾವ ಮೇಲ್‌ಗೆ ಹೇಳುತ್ತದೆ, ಯಾವುದಕ್ಕೆ ಇಲ್ಲ ಎಂಬುದು ನಮ್ಮ ಕೈಯಲ್ಲಿಲ್ಲ.

ಆದ್ದರಿಂದ ಗುರುತು ಹಾಕಬೇಕಾದ ಹೊತ್ತು ಒಂದೇ: ಕಳಿಸುವ ಹೊತ್ತು. ಆಮೇಲೆ ಹಾಕೋಣ ಅಂದರೆ ಆಯಿತು, ಬಿಟ್ಟೇ ಹೋಯಿತು.

ಜಿಮೇಲ್‌ನಲ್ಲಿ ಹೊಸ ಮೇಲ್ ಬರೆಯುತ್ತಿದ್ದರೆ, ಬರೆಯುವ ಕಿಟಕಿಯ ಕೆಳಗಿನ ಮೂರು ಚುಕ್ಕಿಯಲ್ಲಿ `Label` ಎಂಬ ಆಯ್ಕೆ ಇದೆ. ಕಳಿಸುವ ಮೊದಲೇ 'ಬರಬೇಕು' ಅಂಟಿಸಬಹುದು. ಬಂದ ಮೇಲ್‌ಗೆ ಉತ್ತರಿಸುತ್ತಿದ್ದರೆ ಇನ್ನೂ ಸುಲಭ. ಮೇಲ್ ತೆರೆದಾಗಲೇ ಲೇಬಲ್ ಹಾಕಿ, ಉತ್ತರ ಬರೆದು, `Send & Archive` ಒತ್ತಿ. ಈ ಬಟನ್ ಮೊದಲು ಕಾಣದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ಲೇಬಲ್ ಮೊದಲು, ಕಳಿಸುವುದು ಆಮೇಲೆ. ಈ ಕ್ರಮ ತಪ್ಪಬಾರದು, ಯಾಕೆಂದರೆ ಬಟನ್ ಒತ್ತಿದ ಕೂಡಲೇ ಮೇಲ್ ಕಣ್ಣಿಂದ ಹೋಗಿಬಿಡುತ್ತದೆ.

ಆರ್ಕೈವ್ ಅಂದರೆ ಹೆದರಬೇಕಿಲ್ಲ. ಇನ್‌ಬಾಕ್ಸ್‌ನಿಂದ ತೆಗೆಯುವುದು ಅಷ್ಟೇ, ಅಳಿಸುವುದಲ್ಲ. ಆರ್ಕೈವ್ ಮಾಡಿದ ಮೇಲ್‌ಗೆ ಯಾರಾದರೂ ಉತ್ತರ ಬರೆದರೆ ಇಡೀ ಸಂಭಾಷಣೆ ತಾನಾಗಿ ಇನ್‌ಬಾಕ್ಸ್‌ಗೆ ವಾಪಸ್ ಬರುತ್ತದೆ. ಬರುವಾಗ ಅದರ ಪಕ್ಕದಲ್ಲಿ 'ಬರಬೇಕು' ಲೇಬಲ್ ಇನ್ನೂ ಅಂಟಿಕೊಂಡಿರುತ್ತದೆ. ನನಗೆ ತುಂಬಾ ಇಷ್ಟವಾದ ಭಾಗ ಇದು. ಇನ್‌ಬಾಕ್ಸ್‌ನಲ್ಲಿ 'ಬರಬೇಕು' ಎಂಬ ಲೇಬಲ್ ಕಂಡರೆ, ಕಾಯುತ್ತಿದ್ದ ಕಡೆಯಿಂದ ಏನೋ ಬಂತು ಎಂದರ್ಥ. ತೆರೆದು ನೋಡಿ, ಸರದಿ ಯಾರದ್ದು ಎಂದು ಮತ್ತೆ ಕೇಳಿಕೊಂಡು, ಲೇಬಲ್ ಬದಲಿಸಬೇಕು.

ಥಂಡರ್‌ಬರ್ಡ್ ಬಳಸುವವರಿಗೆ ಇದನ್ನೇ ಟ್ಯಾಗ್ ಅನ್ನುತ್ತಾರೆ. ಅದರಲ್ಲಿ ಮೊದಲಿನಿಂದಲೇ ಐದು ಟ್ಯಾಗ್ ಇವೆ. ಕೀಬೋರ್ಡಿನ 1ರಿಂದ 5ರ ತನಕದ ಅಂಕಿ ಒತ್ತಿದರೆ ಅಂಟುತ್ತವೆ, 0 ಒತ್ತಿದರೆ ಹೋಗುತ್ತವೆ. `To Do` ಆಗಲೇ 4ರಲ್ಲಿದೆ. `Later` ಅನ್ನು 'ಬರಬೇಕು' ಎಂದು ಬದಲಿಸಿಕೊಂಡರೆ ಸಾಕು. ಔಟ್‌ಲುಕ್‌ನಲ್ಲಿ ಬಣ್ಣದ ಕೆಟಗರಿಗಳಿವೆ, ತಾರೀಖಿನ ಸಮೇತ ಹಾಕಬಹುದಾದ ಬಾವುಟ ಇದೆ.

ತಾರೀಖು ಅಂದೆ. 'ಬರಬೇಕು' ಎಂಬ ಲೇಬಲ್‌ಗೆ ಇರುವ ದೊಡ್ಡ ಕೊರತೆ ಅದೇ. ಏನೋ ಬರಬೇಕು ಎಂದು ಅದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಕಾಯುವುದಕ್ಕೆ ಒಂದು ಕೊನೆ ಬೇಕಲ್ವಾ? ಆದ್ದರಿಂದ ಗಡುವನ್ನು ಮೇಲ್‌ನೊಳಗೇ ಬರೆಯಿರಿ: 'ಬುಧವಾರದೊಳಗೆ ತಿಳಿಸಿದರೆ ಅನುಕೂಲ.' ಇದರಿಂದ ಎರಡು ಲಾಭ. ಎದುರಿನವರಿಗೂ ಗೊತ್ತಾಗುತ್ತದೆ, ಪಟ್ಟಿ ನೋಡುವಾಗ ನಿಮಗೂ ಗೊತ್ತಾಗುತ್ತದೆ. ತಪ್ಪಲೇಬಾರದ ವಿಷಯವಾದರೆ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಹಾಕಿ. ಇಲ್ಲವೇ ಜಿಮೇಲ್‌ನ `Snooze` ಬಳಸಿ, ಆ ದಿನಕ್ಕೆ ಮೇಲ್ ತಾನಾಗಿ ಮೇಲೆ ಬರುವಂತೆ ಮಾಡಿ. ಎಲ್ಲದಕ್ಕೂ ಹೀಗೆ ಮಾಡಬೇಕಿಲ್ಲ. ದಿನಕ್ಕೊಮ್ಮೆ ಈ ಹುಡುಕಾಟ ಓಡಿಸಿದರೆ ಹೆಚ್ಚಿನದು ಸಿಗುತ್ತದೆ:

```
label:ಬರಬೇಕು older_than:4d
```

ನಾಲ್ಕು ದಿನಕ್ಕಿಂತ ಹಳೆಯದಾದ, ಇನ್ನೂ 'ಬರಬೇಕು' ಎಂದಿರುವ ಮೇಲ್‌ಗಳು ಇದರಲ್ಲಿ ಬರುತ್ತವೆ. ಒಂದು ಸಣ್ಣ ವಿಚಿತ್ರ ಇದೆ. ಜಿಮೇಲ್‌ನಲ್ಲಿ ಲೇಬಲ್ ಅಂಟುವುದು ಸಂಭಾಷಣೆಗಲ್ಲ, ಅದರೊಳಗಿನ ಒಂದೊಂದು ಮೇಲ್‌ಗೆ. ಹಾಗಾಗಿ ಹೋದ ವಾರದ ಮೇಲ್‌ಗೆ ನೀವು ನಿನ್ನೆಯಷ್ಟೇ ಉತ್ತರಿಸಿದ್ದರೂ, ಆ ಹಳೆಯ ಮೇಲ್‌ನಿಂದಾಗಿ ಇಡೀ ಸಂಭಾಷಣೆ ಈ ಪಟ್ಟಿಯಲ್ಲಿ ಕಾಣಬಹುದು. ತೊಂದರೆಯಿಲ್ಲ. ಒಂದೆರಡು ಜಾಸ್ತಿ ಕಾಣುತ್ತವೆ, ಆದರೆ ಇರಬೇಕಾದ್ದು ತಪ್ಪಿಹೋಗುವುದಿಲ್ಲ.

ಒಂದು ಮೇಲ್, ಮೂರು ಸರದಿ

ಇದೆಲ್ಲ ನಿಜವಾಗಿ ಹೇಗೆ ನಡೆಯುತ್ತದೆ ಎಂದು ನೋಡಲು ಒಂದು ಉದಾಹರಣೆ ಕೊಡುತ್ತೇನೆ. ನೀವು ಎರಡು ದಿನದ ಕಾರ್ಯಾಗಾರ ನಡೆಸುತ್ತಿದ್ದೀರಿ. 15ನೇ ತಾರೀಖು ಶನಿವಾರ ಶುರು. 3ನೇ ತಾರೀಖು ಸೋಮವಾರ ಉಪನ್ಯಾಸಕರಿಂದ ಈ ಮೇಲ್ ಬರುತ್ತದೆ:

'ನಮಸ್ಕಾರ. ವಿಷಯ ಒಪ್ಪಿಗೆ. ನನ್ನ ಪರಿಚಯದ ಹಾಳೆ ಲಗತ್ತಿಸಿದ್ದೇನೆ. ಸ್ಲೈಡ್‌ಗಳನ್ನು 10ರೊಳಗೆ ಕಳಿಸುತ್ತೇನೆ. ಅಂದಹಾಗೆ, ಸಭಾಂಗಣದ ಪ್ರೊಜೆಕ್ಟರ್‌ಗೆ ಯಾವ ಕೇಬಲ್ ಬೇಕು?'

ನಾಲ್ಕು ಸಾಲು. ಪರಿಚಯದ ಹಾಳೆ ಇಟ್ಟುಕೊಳ್ಳುವಂಥದ್ದು. ಸ್ಲೈಡ್ ಬರಬೇಕಾದದ್ದು. ಕೇಬಲ್ ಪ್ರಶ್ನೆಗೆ ನೀವು ಉತ್ತರ ಕೊಡಬೇಕು. ಒಂದೇ ಮೇಲ್‌ನಲ್ಲಿ ಮೂರೂ ಇವೆ. ಯಾವ ಲೇಬಲ್ ಹಾಕುತ್ತೀರಿ?

ಬೇಗ ಬೇಗ ನೋಡುವವರು ಮೊದಲ ಸಾಲು ಓದಿ 'ಒಪ್ಪಿಗೆ ಬಂತು' ಎಂದು 'ಇರಲಿ' ಹಾಕಿಬಿಡುತ್ತಾರೆ. ಆಗ ಎರಡು ಕೆಲಸ ಒಟ್ಟಿಗೆ ಮರೆಯಾಗುತ್ತವೆ.

ಸರಿಯಾದ ದಾರಿ ಹೀಗಿದೆ. ಮೊದಲು ಪರಿಚಯದ ಹಾಳೆಯನ್ನು ಇಳಿಸಿ ಕಾರ್ಯಾಗಾರದ ಫೋಲ್ಡರಿನಲ್ಲಿ ಇಡಿ. ಆಗ ಮೇಲ್ ಮೇಲಿನ ಒಂದು ಹೊರೆ ಕಳೆಯಿತು. ಕೇಬಲ್ ಬಗ್ಗೆ ನಿಮಗೆ ಗೊತ್ತಿಲ್ಲ, ಸಭಾಂಗಣದವರನ್ನು ಕೇಳಬೇಕು. ಈಗಲೇ ಅವರಿಗೆ ಹೊಸ ಮೇಲ್ ಬರೆಯಿರಿ: 'ಪ್ರೊಜೆಕ್ಟರ್‌ಗೆ ಯಾವ ಕೇಬಲ್ ಎಂದು 5ನೇ ತಾರೀಖು ಬುಧವಾರದೊಳಗೆ ತಿಳಿಸುತ್ತೀರಾ?' ಅದಕ್ಕೆ 'ಬರಬೇಕು'. ಆಮೇಲೆ ಉಪನ್ಯಾಸಕರಿಗೆ ಉತ್ತರ: 'ಕೇಬಲ್ ವಿಷಯ ಸಭಾಂಗಣದವರನ್ನು ಕೇಳಿದ್ದೇನೆ, ಗುರುವಾರ ತಿಳಿಸುತ್ತೇನೆ. ಸ್ಲೈಡ್‌ಗಳನ್ನು 10ಕ್ಕೆ ಎದುರು ನೋಡುತ್ತಿರುತ್ತೇನೆ.' ಇದಕ್ಕೂ 'ಬರಬೇಕು'.

ಆದರೆ ನಿಲ್ಲಿ. ಆ ಉತ್ತರದಲ್ಲಿ ನೀವೊಂದು ಮಾತು ಕೊಟ್ಟಿದ್ದೀರಿ: ಗುರುವಾರ ತಿಳಿಸುತ್ತೇನೆ. ಇದು ನಿಮ್ಮ ಸರದಿ. ಉಪನ್ಯಾಸಕರ ಮೇಲ್‌ನಲ್ಲಿ 'ಬರಬೇಕು' ಮಾತ್ರ ಇದ್ದರೆ ಈ ಮಾತು ಅದರ ಕೆಳಗೆ ಮುಚ್ಚಿಹೋಗುತ್ತದೆ. ನಾವು ಕಳಿಸುವ ಮೇಲ್‌ಗಳಲ್ಲಿ ಹೀಗೆ ಸಲೀಸಾಗಿ ಬಂದುಬಿಡುವ 'ತಿಳಿಸುತ್ತೇನೆ', 'ನೋಡಿ ಹೇಳುತ್ತೇನೆ', 'ಕಳಿಸಿಕೊಡುತ್ತೇನೆ' ಎಂಬ ಮಾತುಗಳೇ ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುವುದು. ಇದಕ್ಕೆ ಒಂದೇ ಸಂಭಾಷಣೆಗೆ ಎರಡೂ ಲೇಬಲ್ ಹಾಕಿ: 'ಬರಬೇಕು' ಮತ್ತು 'ಮಾಡಬೇಕು'. ಲೇಬಲ್ ಫೋಲ್ಡರ್ ಅಲ್ಲ, ಒಂದು ಮೇಲ್‌ಗೆ ಎರಡು ಇರಬಹುದು. ಗುರುವಾರ ಕೇಬಲ್ ವಿಷಯ ತಿಳಿಸಿದ ಮೇಲೆ 'ಮಾಡಬೇಕು' ತೆಗೆಯಿರಿ. ಸ್ಲೈಡ್ ಬರುವ ತನಕ 'ಬರಬೇಕು' ಇರಲಿ.

ಮಂಗಳವಾರ ಸಭಾಂಗಣದಿಂದ ಉತ್ತರ ಬರುತ್ತದೆ: 'ನಮ್ಮ ತಾಂತ್ರಿಕ ಸಿಬ್ಬಂದಿಯನ್ನು ವಿಚಾರಿಸಿ ಹೇಳುತ್ತೇವೆ.' ಇಲ್ಲಿ ಬಹಳ ಜನ ಎಡವುತ್ತಾರೆ. ಉತ್ತರ ಬಂತಲ್ಲ ಎಂದು 'ಬರಬೇಕು' ತೆಗೆದುಬಿಡುತ್ತಾರೆ. ಬಂದಿರುವುದು ಉತ್ತರ, ನಿಮಗೆ ಬೇಕಾಗಿದ್ದು ಕೇಬಲ್‌ನ ಹೆಸರು. ಅದಿನ್ನೂ ಬಂದಿಲ್ಲ. ಲೇಬಲ್ ಹಾಗೇ ಇಟ್ಟು ಆರ್ಕೈವ್ ಮಾಡಿ. 'ರಜೆಯಲ್ಲಿದ್ದೇನೆ' ಎಂದು ತಾನಾಗಿ ಬರುವ ಮೇಲ್‌ಗೂ ಇದೇ ಮಾತು ಅನ್ವಯಿಸುತ್ತದೆ, ಗಡುವು ಮಾತ್ರ ಮುಂದಕ್ಕೆ ಹಾಕಬೇಕಾಗಬಹುದು.

ಬುಧವಾರ ಕಳೆಯಿತು, ಸುದ್ದಿ ಇಲ್ಲ. ಗುರುವಾರ ಬೆಳಿಗ್ಗೆ 'ಬರಬೇಕು' ಪಟ್ಟಿ ತೆರೆದಾಗ ಸಭಾಂಗಣದ ಮೇಲ್ ಕಾಣುತ್ತದೆ. ಗಡುವು ದಾಟಿದ 'ಬರಬೇಕು' ಇನ್ನು 'ಬರಬೇಕು' ಅಲ್ಲ. ಸರದಿ ತಿರುಗಿ ನಿಮ್ಮ ಹತ್ತಿರ ಬಂದಿದೆ. ಮತ್ತೆ ಕೇಳುವುದು ಈಗ ನಿಮ್ಮ ಕೆಲಸ. ಫೋನ್ ಮಾಡುತ್ತೀರಿ, ಎಚ್‌ಡಿಎಂಐ ಕೇಬಲ್ ಎಂದು ತಿಳಿಯುತ್ತದೆ. ಫೋನಿನಲ್ಲಿ ಮುಗಿದ ವಿಷಯ ಮೇಲ್‌ಗೆ ಗೊತ್ತಾಗುವುದಿಲ್ಲ, ಆದ್ದರಿಂದ ಲೇಬಲ್ ನೀವೇ ತೆಗೆಯಬೇಕು. ಅದೇ ಹೊತ್ತಿಗೆ ಉಪನ್ಯಾಸಕರಿಗೆ ಒಂದು ಸಾಲು ಬರೆದು ಅಲ್ಲಿನ 'ಮಾಡಬೇಕು' ಕೂಡ ತೆಗೆಯುತ್ತೀರಿ.

10ಕ್ಕೆ ಸ್ಲೈಡ್ ಬರಲಿಲ್ಲ. 11ಕ್ಕೆ ನೆನಪಿಸಬೇಕು. ಹೊಸ ಮೇಲ್ ಬರೆಯಬೇಡಿ, ಅದೇ ಸಂಭಾಷಣೆಯಲ್ಲಿ ಬರೆಯಿರಿ. ಹಳೆಯ ಮಾತೆಲ್ಲ ಅವರಿಗೂ ಅಲ್ಲೇ ಸಿಗುತ್ತದೆ. 'ನೆನಪಿಸುತ್ತಿದ್ದೇನೆ' ಎಂದಷ್ಟೇ ಬರೆದರೆ ಏನನ್ನು ಎಂದು ಅವರು ಹುಡುಕಬೇಕು. ಏನು ಬೇಕು, ಯಾವಾಗ, ಬರದಿದ್ದರೆ ಏನು ಮಾಡುತ್ತೀರಿ ಎಂದು ಬರೆಯಿರಿ: 'ಸ್ಲೈಡ್‌ಗಳನ್ನು 13ಕ್ಕೆ ಮುದ್ರಣಕ್ಕೆ ಕೊಡಬೇಕು. ನಾಳೆ ಸಂಜೆಯೊಳಗೆ ಕಳಿಸಲು ಆಗುತ್ತದೆಯೇ? ಕಷ್ಟವಾದರೆ ಹೇಳಿ, ಸ್ಲೈಡ್ ಇಲ್ಲದೆಯೇ ಮುದ್ರಿಸಿ ಆಮೇಲೆ ಮೇಲ್‌ನಲ್ಲಿ ಹಂಚುತ್ತೇನೆ.' ಹೀಗೆ ಕೇಳಿದರೆ ಅವರಿಗೂ ಉತ್ತರ ಕೊಡುವುದು ಹಗುರ. 12ಕ್ಕೆ ಸ್ಲೈಡ್ ಬಂತು. 'ಬರಬೇಕು' ಹೋಗಿ, ಸಂಭಾಷಣೆ 'ಇರಲಿ'ಗೆ ಸೇರಿತು.

ಎಲ್ಲಿ ಕೈಕೊಡುತ್ತದೆ

ಇಷ್ಟೆಲ್ಲ ಮಾಡಿದರೂ ಕೆಲವು ಕಡೆ ತಪ್ಪಿಹೋಗುತ್ತದೆ. ಒಂದು, ಉತ್ತರ ಬೇರೆ ದಾರಿಯಲ್ಲಿ ಬರುವುದು. ಪ್ರತಿ ಮೇಲ್‌ಗೂ `Message-ID` ಎಂಬ ತನ್ನದೇ ಗುರುತು ಇರುತ್ತದೆ. ಯಾರಾದರೂ `Reply` ಒತ್ತಿ ಬರೆದರೆ, ಅವರ ಮೇಲ್‌ನ ತಲೆಭಾಗದಲ್ಲಿ `In-Reply-To` ಎಂಬ ಸಾಲು ಸೇರಿ, ಅದರಲ್ಲಿ ನಿಮ್ಮ ಮೇಲ್‌ನ ಆ ಗುರುತು ಕೂರುತ್ತದೆ. ಎರಡೂ ಒಂದೇ ಸಂಭಾಷಣೆ ಎಂದು ತಿಳಿಯುವುದಕ್ಕೆ ಅದು ಮುಖ್ಯ ಸುಳಿವು. ಅವರು ಹೊಸ ಮೇಲ್ ತೆರೆದು ಬರೆದರೆ ಆ ಕೊಂಡಿ ಇರುವುದಿಲ್ಲ. ಉತ್ತರ ಒಂದು ಕಡೆ ಬರುತ್ತದೆ, 'ಬರಬೇಕು' ಎಂಬ ಹಳೆಯ ಮೇಲ್ ಇನ್ನೊಂದು ಕಡೆ ಕಾಯುತ್ತಲೇ ಇರುತ್ತದೆ. ಹಾಗಾಗಿ ಗಡುವು ದಾಟಿದ ಮೇಲ್ ಕಂಡಾಗ, ನೆನಪಿಸುವ ಮೊದಲು ಆ ವ್ಯಕ್ತಿಯ ವಿಳಾಸದಿಂದ ಈಚೆಗೆ ಬಂದದ್ದನ್ನೆಲ್ಲ ಒಮ್ಮೆ ನೋಡಿ. ಆಗಲೇ ಕೊಟ್ಟ ಉತ್ತರವನ್ನು ಮತ್ತೆ ಕೇಳುವುದು ಯಾರಿಗೂ ಹಿತವಲ್ಲ.

ಇನ್ನೊಂದು, ಒಂದೇ ಸಂಭಾಷಣೆಯಲ್ಲಿ ನಾಲ್ಕೈದು ಜನ, ನಾಲ್ಕೈದು ವಿಷಯ ಸೇರಿಕೊಳ್ಳುವುದು. ಆಗ ಲೇಬಲ್ ಯಾವ ವಿಷಯದ್ದು, ಯಾರಿಂದ ಬರಬೇಕು ಎಂದೇ ತಿಳಿಯುವುದಿಲ್ಲ. ಹೀಗಾದಾಗ ನಿಮಗೆ ಬೇಕಾದ ಒಂದು ವಿಷಯಕ್ಕೆ, ಬೇಕಾದ ಒಬ್ಬರಿಗೆ, ಹೊಸ ವಿಷಯದ ಸಾಲು ಹಾಕಿ ಬೇರೆ ಮೇಲ್ ಬರೆಯಿರಿ. ಜಿಮೇಲ್ ವಿಷಯದ ಸಾಲು ಬದಲಾದರೆ ಸಂಭಾಷಣೆಯನ್ನು ಬೇರೆ ಮಾಡುತ್ತದೆ. ಅದಕ್ಕೆ ಅದರದೇ ಲೇಬಲ್ ಹಾಕಬಹುದು.

ವ್ಯವಸ್ಥೆ ಹಳಿ ತಪ್ಪುತ್ತಿದೆ ಎಂದು ಹೇಗೆ ತಿಳಿಯುವುದು? ನನಗೆ ಎರಡು ಸೂಚನೆ ಸಿಕ್ಕಿವೆ. ಓದಿದ ಮೇಲನ್ನು ಮತ್ತೆ 'ಓದಿಲ್ಲ' ಎಂದು ಮಾಡಿ ಇಡಲು ಶುರು ಮಾಡಿದ್ದೇನೆ ಎಂದರೆ, ಲೇಬಲ್‌ಗಳ ಮೇಲೆ ನಂಬಿಕೆ ಕಡಿಮೆಯಾಗಿದೆ ಎಂದರ್ಥ. 'ಮಾಡಬೇಕು' ಪಟ್ಟಿಯಲ್ಲಿ ಎರಡು ವಾರ ದಾಟಿದ್ದು ಐದಾರಕ್ಕಿಂತ ಜಾಸ್ತಿ ಇದ್ದರೆ, ಅವುಗಳಲ್ಲಿ ಕೆಲವನ್ನು ನಾನು ನಿಜವಾಗಿ ಮಾಡುವುದಿಲ್ಲ. ಅವರಿಗೆ 'ಆಗುವುದಿಲ್ಲ' ಎಂದು ಬರೆಯುವುದೇ ಅಲ್ಲಿ ಉಳಿದಿರುವ ಕೆಲಸ.

ಇವತ್ತು ಶುರು ಮಾಡುವವರಿಗೆ ಸಾವಿರಾರು ಹಳೆಯ ಮೇಲ್‌ಗಳಿಗೆ ಲೇಬಲ್ ಹಾಕುವ ಅಗತ್ಯ ಖಂಡಿತ ಇಲ್ಲ. ಕಳಿಸಿದ ಕಡೆಯಿಂದ ಶುರು ಮಾಡಿ:

```
in:sent newer_than:21d
```

ಮೂರು ವಾರದಲ್ಲಿ ನೀವು ಕಳಿಸಿದ್ದೆಲ್ಲ ಬರುತ್ತದೆ. ಹೆಚ್ಚಿನವರಿಗೆ ಇದನ್ನು ನೋಡಿ ಮುಗಿಸಲು ಅರ್ಧ ಗಂಟೆ ಸಾಕು. ಪ್ರತಿಯೊಂದರಲ್ಲೂ ಎರಡು ವಿಷಯ ಹುಡುಕಿ: ನೀವು ಕೇಳಿದ ಪ್ರಶ್ನೆ, ನೀವು ಕೊಟ್ಟ ಮಾತು. ಪ್ರಶ್ನೆಗೆ ಉತ್ತರ ಬಂದಿಲ್ಲವೇ, 'ಬರಬೇಕು'. ಮಾತು ನಡೆಸಿಲ್ಲವೇ, 'ಮಾಡಬೇಕು'. ಉಳಿದದ್ದನ್ನು ಮುಟ್ಟಬೇಡಿ. ಮುಗಿಸಿ ಮೇಲೆದ್ದಾಗ ಎರಡು ಪಟ್ಟಿ ಕೈಯಲ್ಲಿರುತ್ತವೆ. ನಾನು ಮೊದಲ ಸಲ ಹೀಗೆ ಮಾಡಿದಾಗ 'ಬರಬೇಕು' ಪಟ್ಟಿಯಲ್ಲಿ 11 ಇದ್ದವು. ಅದರಲ್ಲಿ ನಾಲ್ಕನ್ನು ಕೇಳಿದ್ದೇ ನನಗೆ ನೆನಪಿರಲಿಲ್ಲ. ಆ ದಿನವೇ ನಾಲ್ವರಿಗೂ ಮತ್ತೆ ಬರೆದೆ, ಮೂವರು ಮರುದಿನವೇ ಉತ್ತರಿಸಿದರು.